ಸ್ಟಾರ್ಟರ್ ಬದಲಿಸುವ ಮುನ್ನ

ಕೀ ತಿರುಗಿಸಿದಾಗ ‘ಟಕಟಕಟಕ’ ಸದ್ದು, ಜೊತೆಗೆ ಮಂಕಾಗುವ ಡ್ಯಾಶ್‌ಬೋರ್ಡ್ ದೀಪ ಎಂದಿದ್ದೀರಿ. ಹಾಗಿದ್ದರೆ ಸೊಲೆನಾಯ್ಡ್ ಮೇಲಿನ ಅನುಮಾನ ಸದ್ಯಕ್ಕೆ ಬಿಡಿ. ಅದು ಕೆಟ್ಟಾಗ ಸಾಮಾನ್ಯವಾಗಿ ಒಂದೇ ಒಂದು ‘ಟಕ್’, ದೀಪ ಮಾತ್ರ ಮಂಕಾಗದು.

ಗೇರ್ ನ್ಯೂಟ್ರಲ್‌ನಲ್ಲಿಟ್ಟು ಒಬ್ಬರು ಕೀ ತಿರುಗಿಸಲಿ. ನೀವು ಮಲ್ಟಿಮೀಟರ್ ಕಡ್ಡಿಗಳನ್ನು ಬ್ಯಾಟರಿಯ ಎರಡು ಸೀಸದ ಕಂಬಗಳಿಗೇ ಒತ್ತಿಹಿಡಿಯಿರಿ, ಕ್ಲಾಂಪಿಗಲ್ಲ. 9.6 ವೋಲ್ಟ್‌ಗಿಂತ ಕೆಳಗಿಳಿದರೆ ಬ್ಯಾಟರಿ ಸೋತಿದೆ; ಚಾರ್ಜ್ ಮಾಡಿಸಿ ಮತ್ತೆ ನೋಡಿ. ಕಂಬದಲ್ಲಿ 12ರ ಆಸುಪಾಸು ನಿಂತು ಕ್ಲಾಂಪಿನಲ್ಲಿ ಕುಸಿದರೆ, ತಪ್ಪು ನಡುವಿನ ಬಿಳಿ-ಹಸಿರು ಕಿಲುಬಿನದು. (ಹೊರಗೆ ಹೊಳೆಯುವ ಕ್ಲಾಂಪಿನ ಒಳಗೂ ಅದು ಅಡಗಿರುತ್ತದೆ.) ಮೊದಲು ನೆಗೆಟಿವ್ ಬಿಚ್ಚಿ, ಅಡುಗೆ ಸೋಡಾ ನೀರಿನಿಂದ ಉಜ್ಜಿ, ಒಣಗಿಸಿ, ಬಿಗಿಯಾಗಿ ಕೂರಿಸಿ. ಎರಡೂ ಕಡೆ ವೋಲ್ಟೇಜ್ ಸರಿಯಿದ್ದೂ ಬರೀ ‘ಟಕ್’ ಎಂದರಷ್ಟೇ ಮೆಕ್ಯಾನಿಕ್ ಸ್ಟಾರ್ಟರ್ ಬಿಚ್ಚಲಿ.