ಕೊಂಬೆಯ ಮೇಲೆಯೇ ಬೇರು

ಗದಗ ಜಿಲ್ಲೆಯ ರೋಣ ಮತ್ತು ನರಗುಂದ ತಾಲೂಕುಗಳಲ್ಲಿ ಬಹುಭಾಗ ಎರೆಭೂಮಿ. ಗಜೇಂದ್ರಗಡದ ಗುಡ್ಡಗಳ ಕಡೆಗೆ ಸರಿದಂತೆ ಎರೆ ತೆಳುವಾಗಿ ಮಸಾರಿ ಮಣ್ಣು ಕಾಣಿಸಿಕೊಳ್ಳುತ್ತದೆ. ನೀರು ಬಸಿದುಹೋಗುವ ಇಂತಹ ಹಗುರ ಮಣ್ಣನ್ನು ದಾಳಿಂಬೆ ಮೆಚ್ಚುತ್ತದೆ. ಬಾವಿಯ ಅಥವಾ ಕೊಳವೆಬಾವಿಯ ಅಲ್ಪ ನೀರಿನಲ್ಲಿಯೂ ಅದು ಬದುಕಬಲ್ಲದು. ಒಬ್ಬ ರೈತನ ತೋಟದಲ್ಲಿ ಒಂದು ಮರ ಉಳಿದವುಗಳಿಗಿಂತ ಸಿಹಿಯಾದ, ದೊಡ್ಡ ಕಾಳಿನ ಹಣ್ಣನ್ನು ಕೊಡುತ್ತಿದ್ದರೆ, ಅದರಂತಹವೇ ಇನ್ನೂ ನೂರು ಮರಗಳು ಬೇಕೆಂದು ಅವನಿಗೆ ಅನ್ನಿಸುವುದು ಸಹಜ. ಅವನು ಏನು ಮಾಡಬೇಕು?

ಆ ಹಣ್ಣಿನ ಬೀಜವನ್ನು ಬಿತ್ತಿದರೆ ಅವನ ಆಸೆ ಕೈಗೂಡಲಾರದು. ಬೀಜದಲ್ಲಿ ತಾಯಿಮರದ ಗುಣದೊಡನೆ ಪರಾಗವನ್ನಿತ್ತ ಬೇರೊಂದು ಮರದ ಗುಣವೂ ಬೆರೆತಿರುತ್ತದೆ. ಆದುದರಿಂದ ಸಸಿಗಳು ಒಂದರಂತೆ ಒಂದು ಇರುವುದಿಲ್ಲ. ಈ ಭಿನ್ನತೆಯಿಂದ ಒಮ್ಮೊಮ್ಮೆ ಲಾಭವೂ ಉಂಟು. 1936ರಲ್ಲಿ ಪುಣೆಯ ಗಣೇಶಖಿಂಡದ ಹಣ್ಣಿನ ಸಂಶೋಧನ ಕೇಂದ್ರದಲ್ಲಿ ಡಾ. ಜಿ. ಎಸ್. ಚೀಮಾ ಅವರು ಆಳಂದಿ ದಾಳಿಂಬೆಯ ಸಸಿಗಳಿಂದ ಮೆದುಬೀಜದ ಒಂದನ್ನು ಆರಿಸಿದರು. ಅದೇ ಮುಂದೆ ‘ಗಣೇಶ’ ಎಂಬ ತಳಿಯಾಯಿತು. ಆದರೆ ಹಾಗೆ ದೊರೆತ ಒಳ್ಳೆಯ ಮರವನ್ನು ಕೆಡದಂತೆ ಹೆಚ್ಚಿಸಬೇಕಾದರೆ ಬೀಜವನ್ನು ಬಿಟ್ಟು ಕೊಂಬೆಯನ್ನೇ ಹಿಡಿಯಬೇಕು. ಕೊಂಬೆಯು ಮರದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಿ, ಅನಂತರ ಕತ್ತರಿಸಿ ನೆಡುವ ವಿಧಾನಕ್ಕೆ ಗೂಟಿ ಕಟ್ಟುವುದೆಂದು ಹೆಸರು. ಪೇರಲ ಗಿಡಕ್ಕೂ ಈ ವಿಧಾನ ಒಗ್ಗುತ್ತದೆ.

ಇದರ ಮರ್ಮವು ತೊಗಟೆಯಲ್ಲಿದೆ. ಬೇರು ಹೀರಿದ ನೀರು ಕಟ್ಟಿಗೆಯ ಭಾಗದ ಮೂಲಕ ಮೇಲೇರುತ್ತದೆ. ಎಲೆಗಳು ಸಿದ್ಧಗೊಳಿಸಿದ ಆಹಾರವು ತೊಗಟೆಯ ಮೂಲಕ ಕೆಳಗಿಳಿಯುತ್ತದೆ. ಕೊಂಬೆಯ ಸುತ್ತ ಉಂಗುರದಂತೆ ತೊಗಟೆಯನ್ನು ತೆಗೆದರೆ ನೀರಿನ ದಾರಿ ತೆರೆದೇ ಇರುತ್ತದೆ, ಆಹಾರದ ದಾರಿ ಮಾತ್ರ ಮುಚ್ಚುತ್ತದೆ. ಎಲೆಗಳಿಂದ ಇಳಿದ ಸಕ್ಕರೆಯೂ ಬೇರನ್ನು ಪ್ರಚೋದಿಸುವ ರಸವೂ ಗಾಯದ ಮೇಲಂಚಿನಲ್ಲಿ ನಿಂತು ಸಂಗ್ರಹವಾಗುತ್ತವೆ. ಅಲ್ಲಿಗೆ ತೇವ, ಗಾಳಿ, ಕತ್ತಲೆ ಒದಗಿದರೆ ಬೇರೊಡೆಯುತ್ತದೆ.

ಕೊಂಬೆಯು ತಾಯಿಮರದ ಸಿಹಿಯನ್ನು ತರುವಂತೆ ಅದರ ರೋಗವನ್ನೂ ತರುತ್ತದೆ. 2000ದ ನಂತರದ ವರ್ಷಗಳಲ್ಲಿ ಬಾಗಲಕೋಟೆ, ವಿಜಯಪುರ, ಕೊಪ್ಪಳ ಜಿಲ್ಲೆಗಳ ದಾಳಿಂಬೆ ತೋಟಗಳನ್ನು ದುಂಡಾಣು ಅಂಗಮಾರಿ ರೋಗವು ಬಹುವಾಗಿ ಹಾಳುಮಾಡಿತು. ಸೋಂಕಿದ ಸಸಿಗಳ ಮೂಲಕ ಅದು ಊರಿಂದೂರಿಗೆ ಹೋಗಬಲ್ಲದು. ಎಲೆಯ ಮೇಲೆ ಎಣ್ಣೆ ಹತ್ತಿದಂತಹ ಕಪ್ಪು ಚುಕ್ಕೆ, ಕೊಂಬೆಯ ಗೆಣ್ಣಿನಲ್ಲಿ ಕಪ್ಪಾಗಿ ಸೀಳಿದ ಗಾಯ, ಹಣ್ಣಿನ ಕಪ್ಪು ಮಚ್ಚೆಯ ನಡುವೆ ಬಿರುಕು, ಇವು ಅದರ ಗುರುತು. ಇವುಗಳಲ್ಲಿ ಒಂದು ಕಂಡರೂ, ಹಣ್ಣು ಎಷ್ಟೇ ರುಚಿಯಾಗಿರಲಿ, ಆ ಮರಕ್ಕೆ ಗೂಟಿ ಕಟ್ಟಬಾರದು. ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಚಾಕುವನ್ನು ಸ್ಪಿರಿಟ್ಟಿನಿಂದ ಒರೆಸಬೇಕು. ದುರ್ದೈವದ ಸಂಗತಿಯೆಂದರೆ, ಬೇರೊಡೆಯಲು ಹಿತವಾದ ಮಳೆಗಾಲವೇ ಈ ರೋಗ ಹರಡುವುದಕ್ಕೂ ಹಿತವಾದ ಕಾಲ. ಆದುದರಿಂದ ತಾಯಿಮರವನ್ನು ಒಂದು ಬೆಳೆಯ ಕಾಲವೆಲ್ಲ ಗಮನಿಸಿ ಮೊದಲೇ ಗುರುತು ಹಾಕಿಡುವುದು ಲೇಸು.

ಈ ಸೀಮೆಯಲ್ಲಿ ಜೂನ್ ತಿಂಗಳ ಮಳೆಯನ್ನು ನಂಬುವಂತಿಲ್ಲ. ಜುಲೈ 20ರ ಸುಮಾರಿಗೆ ಪುಷ್ಯ ಮಳೆ ಹುಟ್ಟಿದಂದಿನಿಂದ ಆಗಸ್ಟ್ ನಡುವೆ ಆಶ್ಲೇಷ ಮಳೆ ಮುಗಿಯುವವರೆಗೆ ಗೂಟಿ ಕಟ್ಟಿದರೆ ಅನುಕೂಲ. ಆಗ ಗಿಡದಲ್ಲಿ ರಸ ಹರಿದಾಡುತ್ತಿದ್ದು ತೊಗಟೆ ಸುಲಭವಾಗಿ ಬಿಡುತ್ತದೆ. ಬೇರು ಬಂದು ಕೊಂಬೆಯನ್ನು ಬೇರ್ಪಡಿಸುವ ಹೊತ್ತಿಗೆ ಸೆಪ್ಟೆಂಬರಿನ ಮಳೆಯ ತಂಪು ಇನ್ನೂ ಇರುತ್ತದೆ. ತಡಮಾಡಿ ಕಟ್ಟಿದರೆ ಎಳೆಯ ಬೇರು ಚಳಿಗಾಲದ ಒಣಗಾಳಿಗೆ ಸಿಕ್ಕುತ್ತದೆ.

ಜುಲೈ 25ರಂದು ನಾಲ್ಕು ವರ್ಷದ ಒಂದು ದಾಳಿಂಬೆ ಮರಕ್ಕೆ ಗೂಟಿ ಕಟ್ಟುವುದೆಂದು ಭಾವಿಸೋಣ. ಹಣ್ಣು ಹೊರದ, ಪೆನ್ಸಿಲ್ಲಿನಷ್ಟು ದಪ್ಪದ, ಒಂದು ವರ್ಷ ತುಂಬಿದ ನೇರ ಕೊಂಬೆಗಳನ್ನು ಆರಿಸಬೇಕು. ತುದಿಯಿಂದ ಒಂದೂವರೆ ಅಡಿ ಕೆಳಗೆ, ಒಂದು ಗೆಣ್ಣಿನ ಕೆಳಭಾಗದಲ್ಲಿ, ಸುಮಾರು 3 ಸೆಂಟಿಮೀಟರ್ ಅಗಲದ ತೊಗಟೆಯನ್ನು ಉಂಗುರವಾಗಿ ತೆಗೆಯಬೇಕು. ಬಿಳಿಯ ಕಟ್ಟಿಗೆಯ ಮೇಲೆ ಜಾರುವ ತೆಳುಪೊರೆಯೊಂದು ಉಳಿದಿರುತ್ತದೆ. ಚಾಕುವಿನ ಬೆನ್ನಿನಿಂದ ಅದನ್ನು ಮೆಲ್ಲಗೆ ಕೆರೆಯಬೇಕು. ಈ ಪೊರೆ ಉಳಿದರೆ ಹೊಸ ತೊಗಟೆ ಬೆಳೆದು ಗಾಯ ಕೂಡಿಕೊಳ್ಳುತ್ತದೆ, ಬೇರು ಬರುವುದೇ ಇಲ್ಲ. ಗೂಟಿ ವಿಫಲವಾಗಲು ಇದು ಸಾಮಾನ್ಯ ಕಾರಣ. ಗಾಯದ ಮೇಲಂಚಿಗೆ ಇಂಡೋಲ್ ಬ್ಯುಟೈರಿಕ್ ಆಮ್ಲದ ದ್ರಾವಣವನ್ನು ಸವರಿದರೆ ಬೇರುಗಳು ಬೇಗನೆ, ಹೆಚ್ಚು ಸಂಖ್ಯೆಯಲ್ಲಿ ಬರುತ್ತವೆ. 250 ಮಿಲಿಗ್ರಾಂ ಪುಡಿಯನ್ನು 50 ಮಿಲಿಲೀಟರ್ ಸ್ಪಿರಿಟ್ಟಿನಲ್ಲಿ ಕರಗಿಸಿ, ಅಷ್ಟೇ ನೀರನ್ನು ಬೆರೆಸಿದರೆ ನೂರಾರು ಕೊಂಬೆಗಳಿಗೆ ಸಾಕಾಗುತ್ತದೆ.

ಗಾಯಕ್ಕೆ ಏನನ್ನು ಮುಚ್ಚಬೇಕು? ಹೊಲದ ಎರೆಮಣ್ಣು ಹತ್ತಿರದಲ್ಲೇ ಇದೆಯೆಂದು ಅದನ್ನೇ ಮೆತ್ತಬಾರದು. ನೆಂದಾಗ ಅದು ಅಂಟಾಗಿ ಗಾಳಿಯನ್ನು ತಡೆಯುತ್ತದೆ, ಆರಿದಾಗ ಬಿರಿದು ಎಳೆಬೇರನ್ನು ಹರಿಯುತ್ತದೆ. ತೇವವನ್ನೂ ಗಾಳಿಯನ್ನೂ ಒಟ್ಟಿಗೆ ಹಿಡಿದಿಡುವುದರಲ್ಲಿ ತಂಪು ಗುಡ್ಡಗಾಡಿನ ಸ್ಪ್ಯಾಗ್ನಮ್ ಪಾಚಿಗೆ ಸಮನಾದುದು ಇಲ್ಲ. ಅದು ದೊರೆಯದಿದ್ದಲ್ಲಿ ಚೆನ್ನಾಗಿ ತೊಳೆದ ತೆಂಗಿನ ನಾರಿನ ಪುಡಿಗೆ ಸ್ವಲ್ಪ ಕಳಿತ ಗೊಬ್ಬರ ಬೆರೆಸಿ ಬಳಸಬಹುದು. ಯಾವುದನ್ನೇ ಆಗಲಿ ನೆನೆಸಿ, ಮುಷ್ಟಿಯಲ್ಲಿ ಹಿಂಡಿದರೆ ಹನಿ ಬೀಳದಷ್ಟು ನೀರನ್ನು ತೆಗೆದು, ಒಂದು ಹಿಡಿಯಷ್ಟನ್ನು ಗಾಯದ ಸುತ್ತ ಒತ್ತಬೇಕು. ಅದರ ಮೇಲೆ 25 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಸುತ್ತಿ ಎರಡು ತುದಿಗಳನ್ನೂ ಕಟ್ಟಬೇಕು. ಮೇಲಿನ ಕಟ್ಟು ಸಡಿಲವಾದರೆ ಕೊಂಬೆಯ ಗುಂಟ ಹರಿದ ಮಳೆನೀರು ಒಳಸೇರಿ ಗಾಯ ಕೊಳೆಯುತ್ತದೆ. ಬಿಸಿಲಿಗೆ ಒಡ್ಡಿದ ಗೂಟಿಗೆ ಹಳೆಯ ವೃತ್ತಪತ್ರಿಕೆಯ ಹೊದಿಕೆ ಬೇಕು. ಇಲ್ಲವಾದರೆ ಒಳಗೆ ಕಾವೇರಿ ಬೇರು ಬೆಂದುಹೋಗುತ್ತದೆ. ಒಂದು ಮರಕ್ಕೆ ಎಂಟು ಹತ್ತು ಗೂಟಿಗಳು ಸಾಕು. ಆಸೆಪಟ್ಟು ಹೆಚ್ಚು ಕಟ್ಟಿದರೆ ತಾಯಿಮರ ಸೊರಗುತ್ತದೆ.

ಮೂರು ವಾರಗಳಲ್ಲಿ ಗಾಯದ ಮೇಲಂಚು ಗಂಟುಗಂಟಾಗಿ ಊದಿಕೊಳ್ಳುತ್ತದೆ. ಆಗಸ್ಟ್ ಕೊನೆಯ ಹೊತ್ತಿಗೆ ಹಾಳೆಯೊಳಗೆ ಬಿಳಿಯ ಬೇರುಗಳು ಕಾಣತೊಡಗುತ್ತವೆ. ಅವನ್ನು ಕಂಡೊಡನೆ ಕತ್ತರಿಸುವುದು ಅವಸರದ ಕೆಲಸ. ಬೇರು ಕವಲೊಡೆದು ತಿಳಿಗಂದಾಗುವವರೆಗೆ, ಅಂದರೆ ಸೆಪ್ಟೆಂಬರ್ 15ರಿಂದ 20ರವರೆಗೆ, ಕಾಯಬೇಕು. ಆಗಲೂ ಕೊಂಬೆಯನ್ನು ಒಮ್ಮೆಲೆ ಕಡಿಯದೆ, ಕಟ್ಟಿನ ಕೆಳಗೆ ಅರ್ಧ ದಪ್ಪದವರೆಗೆ ಕಚ್ಚು ಹಾಕಿ, ವಾರ ಬಿಟ್ಟು ಉಳಿದರ್ಧವನ್ನು ಕತ್ತರಿಸಬೇಕು. ಆ ಏಳು ದಿನಗಳಲ್ಲಿ ಎಲೆಗಳು ಬಾಡಿದರೆ ಬೇರು ಸಾಲದೆಂದು ಅರ್ಥ.

ಬೇರ್ಪಡಿಸಿದ ಕೊಂಬೆಯ ಅರ್ಧದಷ್ಟು ಎಲೆಗಳನ್ನು ತೆಗೆದು, ಪಾಲಿಥೀನ್ ಹಾಳೆಯನ್ನು ಬಿಚ್ಚಿ, ಪಾಚಿಯನ್ನು ಬೇರಿನಿಂದ ಕೀಳದೆ ಹಾಗೆಯೇ ಮಸಾರಿ ಮಣ್ಣು, ಮರಳು, ಗೊಬ್ಬರ ತುಂಬಿದ ಚೀಲದಲ್ಲಿ ನೆಡಬೇಕು. ಮರದಲ್ಲಿ ಬೇರೊಡೆದ ಗೂಟಿಗಳು ಹೆಚ್ಚಾಗಿ ಸಾಯುವುದು ಈ ಘಟ್ಟದಲ್ಲಿಯೇ. ಆರರಿಂದ ಎಂಟು ವಾರ ನೆರಳಿನಲ್ಲಿಟ್ಟು, ಹೊಸ ಚಿಗುರು ಬಲಿತ ಮೇಲೆ ಮೆಲ್ಲಮೆಲ್ಲಗೆ ಬಿಸಿಲಿಗೆ ಒಗ್ಗಿಸಿ, ಮುಂದಿನ ಮಳೆಗಾಲದಲ್ಲಿ ಹೊಲಕ್ಕೆ ಸಾಗಿಸಬೇಕು. ಗೂಟಿಯ ಗಿಡಕ್ಕೆ ಆಳಕ್ಕಿಳಿಯುವ ತಾಯಿಬೇರು ಇರುವುದಿಲ್ಲ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಮುಂಗಾರು ಗಾಳಿ ಅದನ್ನು ಬುಡಸಹಿತ ಅಲುಗಾಡಿಸಬಲ್ಲದು. ಆದುದರಿಂದ ನೆಟ್ಟ ದಿನವೇ ಗಿಡದ ಪಕ್ಕದಲ್ಲಿ ಊರುಗೋಲು ನಿಲ್ಲಿಸಿ, ಮೆತ್ತನೆಯ ಹಗ್ಗದಿಂದ ಸಡಿಲವಾಗಿ ಕಟ್ಟಿ, ಮೊದಲ ಎರಡು ವರ್ಷ ಹಾಗೆಯೇ ಬಿಡಬೇಕು.