ಹೌದ್ರೀ ಅಂದು ಉಸಿರು ಬಿಡು

ತಮ್ಮಾ, ಹೊಸಪೇಟೆಯಿಂದ ಹರಪನಹಳ್ಳಿಗೆ ಬರುವ ಬಸ್ಸು ಹಗರಿಬೊಮ್ಮನಹಳ್ಳಿ ದಾಟುವಷ್ಟರಲ್ಲಿ ಯಾರಾದರೊಬ್ಬರು ಜಿಲ್ಲೆಯ ಮಾತು ತೆಗೆದೇ ತೆಗೆಯುತ್ತಾರೆ. ಮೊನ್ನೆ ಮುಂದಿನ ಸೀಟಿನ ಯಜಮಾನರೊಬ್ಬರು ಬಸ್ಸಿಗೆಲ್ಲ ಕೇಳುವಂತೆ ಅಂದರು: "ಹರಪನಹಳ್ಳಿ ದಾವಣಗೆರೆಯಾಗ ಇದ್ದಿದ್ರ ಚಲೋ ಇತ್ತು. 371 ಜೆ ಅಲ್ಲೇ ಸಿಗ್ತಿತ್ತು. ಈಗ ಸುಮ್ನ ಹೊಸಪೇಟಿಗೆ ತಿರುಗಬೇಕು."

ಇದರೊಳಗೆ ಮೂರು ಮಾತಿವೆ. ಚಲೋ ಇತ್ತು ಅನ್ನುವುದು ಅವರ ಅಭಿಪ್ರಾಯ. ತಿರುಗಾಟ ಅವರು ಪಡುವ ಪಾಡು. ಇವೆರಡನ್ನೂ ನಾನು ಮುಟ್ಟಲಿಲ್ಲ. ನಡುವಿನದು ಮಾತ್ರ ನಿಜವೋ ಸುಳ್ಳೋ ಎಂದು ನೋಡಬಹುದಾದದ್ದು, ಅದೇ ತಪ್ಪು. 1997ರಲ್ಲಿ ತಾಲ್ಲೂಕು ಬಳ್ಳಾರಿ ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. ಮುಂದೆ 371 ಜೆ ಬಂದಾಗ ಬಳ್ಳಾರಿ ಅದರಲ್ಲಿತ್ತು, ದಾವಣಗೆರೆ ಇರಲಿಲ್ಲ. 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿದ ಮೇಲೆಯೇ ನಮ್ಮ ಹುಡುಗರಿಗೆ ದಾರಿಯಾದದ್ದು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ್ದು ಆಮೇಲಿನ ಮಾತು.

ನಾನು ಹೇಳಿದ್ದಿಷ್ಟು: "ಹೌದ್ರೀ ಯಜಮಾನ್ರ, ತಿರುಗಾಟ ಸಣ್ಣದಲ್ಲ." ಅಲ್ಲಿಗೆ ನಿಲ್ಲಿಸಿದೆ. ಅದರ ಬಾಲಕ್ಕೇ "ಆದ್ರ" ಅಂತ ಕಟ್ಟಿದರೆ, ಕೇಳುವವರಿಗೆ ಮೊದಲಿನ ಹೌದು ಬರೀ ನಾಟಕ. ಅವರು ತಲೆಯಾಡಿಸಿ ಇನ್ನೆರಡು ಮಾತು ಆಡಲಿ ಎಂದು ಬಿಟ್ಟೆ. ಆಮೇಲೆ ದನಿ ಇಳಿಸಿ, ಅವರಿಗಷ್ಟೇ ಕೇಳುವಂತೆ ಅಂದೆ: "ನಮ್ಮ ಮನಿ ಹುಡುಗಗ 371 ಜೆ ಸರ್ಟಿಫಿಕೇಟ್ ಮಾಡಿಸೋವಾಗ ನಾನೂ ಓಡಾಡಿದ್ದೆ ರೀ. ದಾವಣಗೆರೆ ಜಿಲ್ಲೆ ಅದರಾಗ ಇರಲಿಲ್ಲ."

ದನಿ ಇಳಿಸುವುದು ಬರೀ ಮರ್ಯಾದೆಗಲ್ಲ. ಇಪ್ಪತ್ತು ಜನರ ಮುಂದೆ ಸೋತವನು ಗೆಲ್ಲುವತನಕ ಬಿಡುವುದಿಲ್ಲ. ಪಕ್ಕದವನಿಗಷ್ಟೇ ಕೇಳುವಂತೆ ಸೋತರೆ ಅದು ಸೋಲೇ ಅಲ್ಲ. "ನಿಮಗ ಗೊತ್ತಿಲ್ಲ" ಅನ್ನದೆ ನನ್ನ ಓಡಾಟ ಹೇಳಿಕೊಂಡದ್ದೂ ಅದಕ್ಕೇ. ಪ್ರಾಯದಲ್ಲಿ ಕೂಡ್ಲಿಗಿಯ ಚಹಾ ಅಂಗಡಿಯೊಂದರಲ್ಲಿ "ನಿಮಗೇನ್ ಗೊತ್ತು" ಅಂದುಬಿಟ್ಟೆ. ನನ್ನ ಮಾತು ಸರಿಯಿತ್ತು, ಅಂಗಿಯ ಗುಂಡಿ ಉಳಿಯಲಿಲ್ಲ.

ವಾದ ಯಾವಾಗ ಬಿಡಬೇಕೆಂದು ಕೇಳಿದ್ದೆಯಲ್ಲ? "ಯಾವೂರ್ರೀ ನಿಮ್ದು?" ಎಂಬ ಪ್ರಶ್ನೆ ಬಂದಾಗ. ಪರಿಚಯಕ್ಕೆ ಮೊದಲೇ ಕೇಳಿದರೆ ಅದು ಪ್ರೀತಿ. ವಾದದ ನಡುವೆ ಕೇಳಿದರೆ ಮಾತು ಬಿಟ್ಟು ಆಳನ್ನು ಅಳೆಯುತ್ತಿದ್ದಾರೆ ಎಂದೇ ತಿಳಿ. ಊರು ಹೇಳಿ ಕಿಟಕಿ ಕಡೆ ತಿರುಗಿಬಿಡು. ಯಾರನ್ನೋ ಹಳಿಯುವವರ ಮುಂದಂತೂ ನನ್ನ ಈ ಉಪಾಯ ನಡೆಯುವುದಿಲ್ಲ. ಅಲ್ಲಿ "ಹೌದ್ರೀ" ಅನ್ನಲೂಬಾರದು.

ಯಜಮಾನರು ಕೊಟ್ಟೂರಿನಲ್ಲಿ ಇಳಿದರು. ಇಳಿಯುವಾಗಲೂ ದಾವಣಗೆರೆಯೇ ಚಲೋ ಅಂದರು. 371 ಜೆ ಮಾತು ಮಾತ್ರ ಎತ್ತಲಿಲ್ಲ. ಕಿಟಕಿಯ ಹೊರಗಿಂದ ಬೆರಳು ತೋರಿಸಿ, "ಆ ಅಂಗಡ್ಯಾಗ ಮಂಡಕ್ಕಿ ಮಿರ್ಚಿ ಚಲೋ ಇರ್ತಾವು, ಬಸ್ ಹತ್ತು ನಿಮಿಷ ನಿಂದರ್ತೈತಿ" ಅಂದರು. ಹೋಗಿ ತಿಂದೆ.