ಒಂದೇ ಸಾಲಿನ ರಾಜೀನಾಮೆ ಪತ್ರ



ಹಾನಗಲ್ಲ ಕಡೆಯ ಒಂದು ಅಡಿಕೆ ಸಂಘದ ತೂಕದ ಗುಮಾಸ್ತನು ಸುಗ್ಗಿಯ ನಡುವೆ ಒಂದು ಚೀಟಿ ಕೊಟ್ಟನೆಂದು ಇಟ್ಟುಕೊಳ್ಳೋಣ. ಅದರಲ್ಲಿರುವುದು ಇಷ್ಟೆ: "ನನ್ನ ಹುದ್ದೆಗೆ ರಾಜೀನಾಮೆ ಕೊಟ್ಟಿದ್ದೇನೆ, ಸ್ವೀಕರಿಸಬೇಕು." ಕಾರಣವಿಲ್ಲ, ಎಂದು ಬಿಡುವನೆಂಬುದಿಲ್ಲ, ಒಂದು ಒಳ್ಳೆಯ ಮಾತೂ ಇಲ್ಲ. ಓದಿದವರಿಗೆ ಸಿಟ್ಟು ಬರುವುದು ಸಹಜ. ಆದರೆ ಪತ್ರವು ಸಿಂಧುವೆ.

ಕಾರಣ ಹೇಳಲೇಬೇಕೆಂಬ ನಿಯಮವಿಲ್ಲ. 2019ರ ಜುಲೈಯಲ್ಲಿ ಹಿರೇಕೆರೂರಿನ ಶಾಸಕ ಬಿ.ಸಿ. ಪಾಟೀಲರೂ ಸೇರಿ ಹಲವರು ರಾಜೀನಾಮೆ ಕೊಟ್ಟದ್ದು ನೆನಪಿರಬಹುದು. ರಾಜೀನಾಮೆ ಸ್ವಇಚ್ಛೆಯದೆ, ನೈಜವೆ ಎಂಬುದನ್ನಷ್ಟೆ ಸಭಾಧ್ಯಕ್ಷರು ನೋಡಬೇಕು, ಅದರ ಹಿಂದಿನ ಉದ್ದೇಶವನ್ನಲ್ಲ ಎಂದು ಸುಪ್ರೀಂ ಕೋರ್ಟು ಅದೇ ವರ್ಷದ ನವೆಂಬರ್ 13ರಂದು ಹೇಳಿತು. ಶಾಸಕರು ನೌಕರರಲ್ಲ, ನಿಜ. ಆದರೂ ನಮ್ಮ ಗುಮಾಸ್ತನಲ್ಲಿಯೂ ಮೊದಲು ಕೇಳಬೇಕಾದದ್ದು ಅದೇ ಪ್ರಶ್ನೆ. ಒತ್ತಾಯದಿಂದ ಬರೆಸಿಕೊಂಡ ಪತ್ರ ಮುಂದೆ ವಜಾ ಎಂದೇ ವಾದಕ್ಕೆ ಬರುತ್ತದೆ.

ಆದ್ದರಿಂದ ಪತ್ರದ ಮೇಲೆ ಕೈಸೇರಿದ ದಿನ ಮತ್ತು ವೇಳೆ ಬರೆದು ರುಜು ಹಾಕಿರಿ. ಎಂದಿನಿಂದ ಬಿಡುವನೆಂದು ಅವನಿಂದಲೇ ಬರೆಸಿಕೊಳ್ಳಿರಿ. ಬಳಿಕ ನೇಮಕಾತಿ ಆದೇಶವನ್ನು ತೆಗೆದು ನೋಡಿರಿ. ತಿಂಗಳ ಮುನ್ಸೂಚನೆ ಅಲ್ಲಿ ಬರೆದಿದ್ದರೆ ಕೇಳಲು ಆಧಾರವುಂಟು, ಇಲ್ಲವಾದರೆ ವಿನಂತಿಸಬಹುದಷ್ಟೆ. ಉಪವಿಧಿಯಂತೆ ಅಧಿಕಾರವುಳ್ಳವರು ಅಂಗೀಕರಿಸಿ, ಸೇವೆ ಮುಗಿಯುವ ದಿನವನ್ನು ಲಿಖಿತವಾಗಿ ತಿಳಿಸಬೇಕು. ಅಲ್ಲಿಯವರೆಗೆ ಅವನು ಸಾಮಾನ್ಯವಾಗಿ ಪತ್ರವನ್ನು ಹಿಂದಕ್ಕೆ ಪಡೆಯಬಹುದು. ಈ ಒಂದು ಕಾಗದವನ್ನು ತಡಮಾಡಿದ ಸಂಘಗಳೇ ಹೆಚ್ಚಾಗಿ ತೊಂದರೆಗೆ ಸಿಕ್ಕುವುದು.

ಇನ್ನು ಹಣದ ಮಾತು. 2025ರ ನವೆಂಬರಿನಿಂದ ಜಾರಿಯಲ್ಲಿರುವ ವೇತನ ಸಂಹಿತೆಯಂತೆ, ರಾಜೀನಾಮೆ ಕೊಟ್ಟವನ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಸಂಘದಲ್ಲಿ ಹತ್ತು ಅಥವಾ ಹೆಚ್ಚು ನೌಕರರಿದ್ದು, ಅವನು ಐದು ವರ್ಷ ಸತತವಾಗಿ ದುಡಿದಿದ್ದರೆ ಗ್ರಾಚ್ಯುಟಿಯೂ ಸಲ್ಲಬೇಕು. ನಮ್ಮ ಗುಮಾಸ್ತನ ಸೇವೆ 7 ವರ್ಷ 8 ತಿಂಗಳು, ಲೆಕ್ಕಕ್ಕೆ ಬರುವ ಕಡೆಯ ವೇತನ 13,000 ರೂಪಾಯಿ ಎನ್ನೋಣ. ಆರು ತಿಂಗಳಿಗೆ ಮೀರಿದ್ದರಿಂದ 8 ವರ್ಷವೆಂದೇ ಎಣಿಕೆ. 13,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 7,500. ಎಂಟು ವರ್ಷಕ್ಕೆ 60,000 ರೂಪಾಯಿ. ಮೂವತ್ತು ದಿನಗಳೊಳಗೆ ಇದು ಸಂದಾಯವಾಗಬೇಕು. ಮುನ್ಸೂಚನೆ ಕೊಡಲಿಲ್ಲವೆಂಬ ಕೋಪಕ್ಕೆ ಇದನ್ನು ತಡೆಯಲಾಗದು.

ಗೋದಾಮಿನ ಕೀಲಿ, ತೂಕದ ಪುಸ್ತಕ, ಕೀರ್ದಿ ಇವುಗಳನ್ನು ಇಬ್ಬರ ಎದುರು ವಹಿಸಿಕೊಳ್ಳಿರಿ. ಚೀಲಗಳನ್ನು ಎಣಿಸಿ, ರಾಶಿಯಿಡಿ ಬೇರೆ, ಬೆಟ್ಟೆ ಬೇರೆ ಬರೆದು, ಅವನ ರುಜು ಪಡೆದು, ಒಂದು ಪ್ರತಿ ಅವನಿಗೂ ಕೊಡಿರಿ. ಹಾಗೆ ಮಾಡದೆ ಬಿಟ್ಟರೆ ಮುಂದಿನ ಲೆಕ್ಕ ತಪಾಸಣೆಯಲ್ಲಿ ಕಂಡ ಕೊರತೆ ಯಾರ ಕಾಲದ್ದೆಂದು ತೋರಿಸಲಾಗುವುದಿಲ್ಲ.

ಒಂದು ವಾರ ಕೆಲಸಕ್ಕೆ ಬಾರದಿದ್ದವನನ್ನು ಮಾತ್ರ ರಾಜೀನಾಮೆ ಕೊಟ್ಟವನೆಂದು ಬರೆದುಕೊಳ್ಳಬೇಡಿರಿ. ಅವನಿಗೆ ಮನೆಯ ವಿಳಾಸಕ್ಕೆ ಸ್ಪೀಡ್ ಪೋಸ್ಟಿನಲ್ಲಿ ನೋಟೀಸು ಹೋಗಬೇಕು.